ನಿಂತ ಆಟದಲ್ಲಿ ಓಡುವ ಗಡಿಯಾರ

ವಿಡಿಯೋ ಗೇಮ್‌ನಲ್ಲಿ ಪಾಝ್ ಒತ್ತಿದ ಮೇಲೂ ಸೆಕೆಂಡುಗಳು ಇಳಿಯುತ್ತಲೇ ಇರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಪರದೆಯ ತುಂಬ ಮೆನು ಬಂದಿರುತ್ತದೆ, ಹಿಂದೆ ಶತ್ರು ಮಾತ್ರ ಕತ್ತಿ ಬೀಸುತ್ತಲೇ ಇರುತ್ತಾನೆ. ಈ ದೋಷಕ್ಕೂ ಒಂದು ಚರಿತ್ರೆಯಿದೆ.

1976ರಲ್ಲಿ ಅಮೆರಿಕದಲ್ಲಿ ಫೇರ್‌ಚೈಲ್ಡ್ ಚಾನೆಲ್ ಎಫ್ ಎಂಬ ಯಂತ್ರ ಬಂತು. ಜೆರ್ರಿ ಲಾಸನ್ ಅದರ ಹಿಂದಿನ ಮುಖ್ಯ ಎಂಜಿನಿಯರ್. ಆಟವನ್ನು ನಡುವೆ ತಡೆದು ನಿಲ್ಲಿಸುವ ಹೋಲ್ಡ್ ಗುಂಡಿ ಅದರಲ್ಲಿತ್ತು. ನಾಣ್ಯ ಹಾಕಿ ಆಡುವ ಅಂಗಡಿ ಯಂತ್ರಗಳಿಗೆ ಇಂಥ ಸೌಕರ್ಯ ಬೇಕಿರಲಿಲ್ಲ. ಆಟ ನಿಂತರೆ ಅಂಗಡಿಯವನಿಗೇ ನಷ್ಟ. ಪಾಝ್ ಬೇಕಾದದ್ದು ಮನೆಗೆ.

1985ರ ಸೂಪರ್ ಮಾರಿಯೋ ಬ್ರದರ್ಸ್ ಇದನ್ನು ನೇರವಾಗಿ ಮಾಡಿತು. ಪಾಝ್ ಆಗಿದೆ ಎಂಬ ಗುರುತನ್ನು ನೆನಪಿನ ಕೋಶವೊಂದರಲ್ಲಿ ಇಟ್ಟು, ಪ್ರತಿ ಫ್ರೇಮ್‌ನಲ್ಲಿ ಅದನ್ನು ನೋಡುತ್ತಿತ್ತು. ಗುರುತು ಇದ್ದರೆ ಟೈಮರ್‌ಗಳನ್ನು ಇಳಿಸುವ ಭಾಗವನ್ನೇ ಹಾರಿಸಿ ಮುಂದೆ ಹೋಗುತ್ತಿತ್ತು. ಕಾಲವನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ ಕೆಲಸವೇ ನಡೆಯುತ್ತಿರಲಿಲ್ಲ, ಅಷ್ಟೇ.

ಆದರೆ ಫ್ರೇಮ್ ಎಣಿಸಿ ನಡೆಯುವ ಆಟ ವೇಗದ ಕಂಪ್ಯೂಟರಿನಲ್ಲಿ ವಿಪರೀತ ಓಡುತ್ತಿತ್ತು. ಅದಕ್ಕೇ ಹಿಂದಿನ ಫ್ರೇಮ್‌ನಿಂದ ಎಷ್ಟು ಸಮಯ ಕಳೆಯಿತೆಂದು ಅಳೆದು, ಆ ಲೆಕ್ಕದಲ್ಲಿ ಎಲ್ಲವನ್ನೂ ಚಲಾಯಿಸುವ ಪದ್ಧತಿ ಬಂತು. ಆ ಸಮಯವನ್ನು ಒಂದು ಸಂಖ್ಯೆಯಿಂದ ಗುಣಿಸಿ, ಆ ಸಂಖ್ಯೆಯನ್ನು ಒಂದಕ್ಕಿಂತ ಕಡಿಮೆ ಮಾಡಿದರೆ ಇಡೀ ಆಟವೇ ನಿಧಾನವಾಗುತ್ತದೆ. 2001ರ ಮ್ಯಾಕ್ಸ್ ಪೇನ್ ಆಟದಲ್ಲಿ ಗುಂಡುಗಳು ಗಾಳಿಯಲ್ಲಿ ತೇಲಿದಂತೆ ಬರುವುದನ್ನು ನೋಡಿದವರಿಗೆ ನಿಧಾನಗತಿಯ ಸೊಗಸು ಗೊತ್ತು.

2005ರಲ್ಲಿ ಬಂದ ಯೂನಿಟಿ ಎಂಜಿನ್‌ನಲ್ಲಿ ಆ ಸಂಖ್ಯೆಯ ಹೆಸರು Time.timeScale. ಒಂದು ಎಂದರೆ ಮಾಮೂಲಿ ವೇಗ, ಅರ್ಧ ಎಂದರೆ ಅರ್ಧ ವೇಗ. ಸೊನ್ನೆ ಹಾಕಿದರೆ? ಆಟ ನಿಂತಂತೆ ಕಾಣುತ್ತದೆ. ಒಂದೇ ಸಾಲಿನಲ್ಲಿ ಪಾಝ್ ಸಿದ್ಧ ಎಂದು ಹಲವರು ಅದನ್ನೇ ಹಿಡಿದರು. ನನ್ನ ಮಟ್ಟಿಗೆ ಎಡವಟ್ಟು ಶುರುವಾದದ್ದು ಇಲ್ಲೇ. ಸೊನ್ನೆ ಹಾಕಿದರೆ ಭೌತಶಾಸ್ತ್ರದ ಲೆಕ್ಕ ನಿಲ್ಲುತ್ತದೆ, ಆದರೆ ಪ್ರತಿ ಫ್ರೇಮ್‌ಗೆ ನಡೆಯುವ Update ನಿಲ್ಲುವುದಿಲ್ಲ. ಸದ್ದೂ ನಿಲ್ಲುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅರವತ್ತು ಸೆಕೆಂಡಿನೊಳಗೆ ಮುಗಿಸಬೇಕಾದ ಒಂದು ಹಂತ. ಸೊನ್ನೆ ಹಾಕಿದೊಡನೆ ಪಾಝ್ ಮೆನು ಜಾರಿ ಒಳಬರುವ ಆನಿಮೇಶನ್ ಕೂಡ ಇದ್ದಲ್ಲೇ ಕಲ್ಲಾಗುತ್ತದೆ, ಯಾಕೆಂದರೆ ಅದೂ ಅದೇ ಕಾಲವನ್ನು ನಂಬಿದೆ. ಆಗ ಪ್ರೋಗ್ರಾಮರ್ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ. ಮೆನುವನ್ನು ಮಾತ್ರ Unscaled Time ಗೆ ಬದಲಿಸುವುದು ಸರಿಯಾದ ದಾರಿ. ಅವಸರದಲ್ಲಿ ಹಂತದ ಟೈಮರ್‌ಗೂ ಶತ್ರುವಿನ ಆನಿಮೇಶನ್‌ಗೂ ಅದನ್ನೇ ಹಚ್ಚುವುದು ಎರಡನೆಯದು. ಸೊನ್ನೆಯ ಬದಲು 0.01 ಇಟ್ಟು ಸಮಾಧಾನಪಡುವುದು ಮೂರನೆಯದು. ಆಗ ಹತ್ತು ನಿಮಿಷ ಪಾಝ್‌ನಲ್ಲಿಟ್ಟರೆ ಆರು ಸೆಕೆಂಡು ಮಾಯ.

ಇನ್ನೊಂದು ದೋಷ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಹೊಡೆತ ಬಿದ್ದಾಗ ಆಟ ಒಂದು ಕ್ಷಣ ಗಕ್ಕನೆ ನಿಂತರೆ ಪೆಟ್ಟು ಜೋರೆನಿಸುತ್ತದೆ. ಅದಕ್ಕಾಗಿ ಬೇರೊಂದು ತುಣುಕು ಇದೇ ಸಂಖ್ಯೆಯನ್ನು ಸೊನ್ನೆ ಮಾಡಿ, ನಿಜ ಗಡಿಯಾರದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಾದು, ಮತ್ತೆ ಒಂದಕ್ಕೆ ತರುತ್ತದೆ. ಆ ಅವಧಿಯಲ್ಲೇ ಆಟಗಾರ ಪಾಝ್ ಒತ್ತಿದರೆ, ಮೆನು ತೆರೆದಿರುವಾಗಲೇ ಆಟ ಓಡತೊಡಗುತ್ತದೆ. ಒಂದೇ ಸಂಖ್ಯೆಗೆ ಇಬ್ಬರು ಯಜಮಾನರು, ಒಬ್ಬರಿಗೆ ಇನ್ನೊಬ್ಬರ ಸುದ್ದಿಯಿಲ್ಲ.

ಇವುಗಳಲ್ಲಿ ಯಾವ ದೋಷವೆಂದು ಕೈಗಡಿಯಾರದಿಂದಲೇ ಪತ್ತೆ ಹಚ್ಚಬಹುದು. ಒಂದು ನಿಮಿಷ ಪಾಝ್‌ನಲ್ಲಿಡಿ. ಅರವತ್ತು ಸೆಕೆಂಡೂ ಹೋಗಿದ್ದರೆ ಟೈಮರ್ ನಿಜ ಗಡಿಯಾರ ನೋಡುತ್ತಿದೆ. ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಮಾತ್ರ ಹೋಗಿದ್ದರೆ ಸಂಖ್ಯೆ ಸೊನ್ನೆಯಲ್ಲ. ಒಮ್ಮೆ ಸರಿ, ಇನ್ನೊಮ್ಮೆ ತಪ್ಪು ಎಂದಾದರೆ ಬೇರೆ ಯಾರೋ ಸಂಖ್ಯೆಯನ್ನು ಮತ್ತೆ ಒಂದಕ್ಕೆ ತರುತ್ತಿದ್ದಾರೆ.

ಅನ್‌ರಿಯಲ್ ಎಂಜಿನ್‌ನಲ್ಲಿ ನಿಧಾನಗತಿಗೂ ಪಾಝ್‌ಗೂ ಬೇರೆ ಬೇರೆ ಆಜ್ಞೆಗಳಿವೆ; ಗೊಡೋದಲ್ಲೂ ಹಾಗೆಯೇ, ಪಾಝ್ ಆದಾಗ ಯಾವ ಭಾಗ ಓಡಬೇಕೆಂದು ಒಂದೊಂದಕ್ಕೂ ಹೇಳಿಕೊಡಬಹುದು. ಯೂನಿಟಿಯಲ್ಲಿ ಕೆಲಸ ಮಾಡುವ ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ: timeScale ಬರೆಯುವ ಹಕ್ಕನ್ನು ಒಂದೇ ಫೈಲಿಗೆ ಕೊಡಿ, ಪಾಝ್ ಇರುವವರೆಗೆ ಆ ಫೈಲು ಬೇರೆಯವರ ಬೇಡಿಕೆಯನ್ನು ಬರೆದಿಟ್ಟುಕೊಳ್ಳಲಿ, ಜಾರಿಗೆ ತರದಿರಲಿ.