ನಿಮ್ಮ ಉತ್ತರಕ್ಕೆ ನೀವೇ ಅಂಕ ಹಾಕಿ



ಹಳೆಯ ನೆನಪು ಹೇಳಲು ಬೇರೆಯವರಿದ್ದಾರೆ. ನಾನು ಒಂದು ಉತ್ತರದ ಕಥೆ ಹೇಳುತ್ತೇನೆ.

ಬನಶಂಕರಿಯಲ್ಲಿರುವ ನನ್ನ ಅಕ್ಕನ ಮಗಳು ಹೋದ ವರ್ಷ ಎಸ್ಸೆಸ್ಸೆಲ್ಸಿ. ಸಮಾಜ ವಿಜ್ಞಾನದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ‘1857ರ ಸಂಗ್ರಾಮ ವಿಫಲವಾಗಲು ಕಾರಣಗಳೇನು?’ ಎಂದು ನಾಲ್ಕು ಅಂಕಕ್ಕೆ ಕೇಳಿದ್ದರು. ಪುಟ ತುಂಬ ಬರೆದಿದ್ದಳು. ಸಿಕ್ಕಿದ್ದು ಎರಡು. “ಮಾಮ, ಇಷ್ಟು ಬರೆದರೂ ಎರಡೇನಾ?” ಎಂದು ಅತ್ತೇಬಿಟ್ಟಳು.

ಪರೀಕ್ಷಾ ಮಂಡಳಿ ತನ್ನ ಜಾಲತಾಣದಲ್ಲಿ ಹಾಕುವ ಮಾದರಿ ಉತ್ತರಗಳನ್ನು ಇಬ್ಬರೂ ನೋಡಿದೆವು. ಅಲ್ಲಿ ಪುಟಗಟ್ಟಲೆ ವಿವರಣೆ ಇಲ್ಲ, ಚಿಕ್ಕ ಚಿಕ್ಕ ಅಂಶಗಳಿವೆ. ಪಕ್ಕದಲ್ಲಿ ಅಂಕ. ಮೌಲ್ಯಮಾಪಕರ ಕಣ್ಣು ಹುಡುಕುವುದು ಆ ಅಂಶಗಳನ್ನೇ.

ಹಾಗಾಗಿ ಪುಸ್ತಕ ನೋಡಿ ಕಾರಣಗಳ ಪಟ್ಟಿ ಮಾಡಿಕೊಂಡೆವು: ಹೋರಾಟ ದೇಶದ ತುಂಬ ಹರಡಲಿಲ್ಲ, ಸರಿಯಾದ ನಾಯಕತ್ವ ಇರಲಿಲ್ಲ, ಯೋಜನೆ-ಶಿಸ್ತು ಇರಲಿಲ್ಲ, ಅನೇಕ ದೇಶೀಯ ರಾಜರು ಬ್ರಿಟಿಷರಿಗೆ ನಿಷ್ಠರಾಗಿದ್ದರು, ಸಿಪಾಯಿಗಳ ಲೂಟಿಯಿಂದ ಜನರ ವಿಶ್ವಾಸ ಹೋಯಿತು. ಅಂಶಕ್ಕೊಂದು ಅಂಕ ಎಂದು ಇಟ್ಟುಕೊಂಡೆವು. ನಿಯಮ ಒಂದೇ. ಅಂಕ ತರುವ ಪದಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು. ಗೆರೆ ಇಲ್ಲದಿದ್ದರೆ ಅಂಕ ಇಲ್ಲ.

ಮೊದಲ ಆರು ಸಾಲು ಕೊಬ್ಬು ಸವರಿದ ತೋಟಾಗಳು, ಮಂಗಲ್ ಪಾಂಡೆ. ಅದು ಸಂಗ್ರಾಮ ಶುರುವಾದ ಕಾರಣ, ಸೋತ ಕಾರಣವಲ್ಲ, ಸೊನ್ನೆ. ಆಮೇಲೆ ನಾಯಕರಿರಲಿಲ್ಲ, ದಾರಿ ತೋರುವವರಿರಲಿಲ್ಲ, ಒಬ್ಬ ಮುಖಂಡನಿರಲಿಲ್ಲ ಎಂದು ಮೂರು ಸಾಲು. ಮೂರೂ ಒಂದೇ ಅಂಶ, ಒಂದೇ ಅಂಕ. ದೇಶದ ತುಂಬ ಹರಡಲಿಲ್ಲ ಎಂಬುದಕ್ಕೆ ಇನ್ನೊಂದು. ಕೊನೆಗೆ ಝಾನ್ಸಿ ರಾಣಿಯ ಶೌರ್ಯ. ಬಹಳ ಚೆನ್ನಾಗಿ ಬರೆದಿದ್ದಳು ಪಾಪ, ಆದರೆ ಕೇಳಿದ್ದು ಅದಲ್ಲ. ಗೆರೆಗಳನ್ನು ಎಣಿಸಿದಳು. ಎರಡು. ಅಳು ನಿಂತಿತು. ಮರುದಿನ ಬರೆದ ಉತ್ತರ ಅರ್ಧ ಪುಟ, ಗೆರೆ ನಾಲ್ಕು.

ಇದರಲ್ಲಿ ಒಂದು ಮೋಸವಿದೆ. ಬರೆದ ಕೂಡಲೇ ತಿದ್ದಿದರೆ ಹಾಳೆಯಲ್ಲಿ ಇಲ್ಲದ್ದೂ ನಮಗೆ ಕಾಣುತ್ತದೆ, ಏಕೆಂದರೆ ಅದು ತಲೆಯಲ್ಲಿರುತ್ತದೆ. (ನನ್ನ ಕೋಡನ್ನು ನಾನೇ ಪರೀಕ್ಷಿಸುವಾಗಲೂ ಇದೇ ಪಾಡು.) ಒಂದು ದಿನ ಬಿಟ್ಟು ತಿದ್ದಿ, ಇಲ್ಲವೇ ಪಕ್ಕದವರ ಜತೆ ಹಾಳೆ ಬದಲಿಸಿಕೊಳ್ಳಿ. ಐದು ಉತ್ತರಗಳಲ್ಲಿ ಒಂದನ್ನು ನಿಮ್ಮ ಅಂಕ ಮುಚ್ಚಿಟ್ಟು ಮೇಷ್ಟ್ರಿಗೆ ಕೊಡಿ. ಪ್ರತಿ ಸಲವೂ ನಿಮ್ಮದೇ ಒಂದು ಅಂಕ ಹೆಚ್ಚಿದ್ದರೆ ನಿಮ್ಮ ಕೈ ಧಾರಾಳ ಎಂದರ್ಥ. ಎಲ್ಲಿ ಹೆಚ್ಚಾಯಿತು ಎಂದು ಗೆರೆ ಗೆರೆಗೂ ಕೇಳಿ.

ವಿಜ್ಞಾನದ ಚಿತ್ರಕ್ಕೂ ಇದೇ ದಾರಿ: ಚಿತ್ರಕ್ಕೆ ಬೇರೆ, ಭಾಗಗಳ ಹೆಸರಿಗೆ ಬೇರೆ ಅಂಕ ಹಾಕಿಕೊಳ್ಳಿ. ಗಣಿತದಲ್ಲಿ ಹಂತ ಹಂತಕ್ಕೆ. ಕನ್ನಡದ ಪ್ರಬಂಧಕ್ಕೆ ಮಾತ್ರ ಈ ಪೆನ್ಸಿಲ್ ಸಾಲದು. ಪೀಠಿಕೆ, ವಿವರಣೆ, ಉಪಸಂಹಾರ ಇದೆಯೇ ಎಂದು ನೀವು ನೋಡಬಹುದು. ಅದು ಓದಿಸಿಕೊಂಡು ಹೋಗುತ್ತದೆಯೇ ಎಂಬುದನ್ನು ನಿಮ್ಮ ಕನ್ನಡ ಮೇಷ್ಟ್ರೇ ಹೇಳಬೇಕು.