ಅಫಜಲಪುರದ ಮಳೆ ಗೊತ್ತು, ಜೇವರ್ಗಿಯದು?

ಜೊತೆಜೊತೆಯಾಗಿ ಏರಿಳಿಯುವ ಎರಡು ಅಳತೆಗಳಲ್ಲಿ ಒಂದು ಗೊತ್ತಾದರೆ ಇನ್ನೊಂದನ್ನು ಎಷ್ಟರಮಟ್ಟಿಗೆ ಹೇಳಬಹುದು? ಎರಡು ಚಲಕಗಳ ನಾರ್ಮಲ್ ವಿತರಣೆಯ ಸೂತ್ರ 1846ರಲ್ಲೇ ಫ್ರಾನ್ಸಿನ ಬ್ರಾವೆಯ ಕೈಗೆ ಬಂದಿತ್ತು. ಆದರೆ ಆತನಿಗೆ ಬೇಕಿದ್ದುದು ಅಳತೆಯ ದೋಷಗಳ ಲೆಕ್ಕ. ಈ ಪ್ರಶ್ನೆ ಆತ ಕೇಳಲೇ ಇಲ್ಲ.

ಕೇಳಿದವನು ಫ್ರಾನ್ಸಿಸ್ ಗಾಲ್ಟನ್. 928 ಮಕ್ಕಳ ಎತ್ತರವನ್ನು ಅವರ ತಂದೆತಾಯಿಯ ಸರಾಸರಿ ಎತ್ತರದ ಎದುರಿಗೆ ಪಟ್ಟಿ ಮಾಡಿದ. ರಾಮ್ಸ್‌ಗೇಟ್ ಬಳಿಯ ಸಣ್ಣ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಆ ಪಟ್ಟಿ ನೋಡುತ್ತಿದ್ದಾಗ, ಒಂದೇ ಸಂಖ್ಯೆಯ ಜಾಗಗಳನ್ನು ಸೇರಿಸುವ ಗೆರೆಗಳು ಒಂದರೊಳಗೊಂದು ಕುಳಿತ ದೀರ್ಘವೃತ್ತಗಳೆಂದು ಹೊಳೆಯಿತಂತೆ. ತಂದೆತಾಯಿ ಸರಾಸರಿಗಿಂತ ಮೂರು ಅಂಗುಲ ಎತ್ತರವಿದ್ದರೆ ಮಕ್ಕಳು ಸುಮಾರು ಎರಡೇ ಅಂಗುಲ ಎತ್ತರ. ತಮಾಷೆಯೆಂದರೆ, ಮಕ್ಕಳಿಂದ ಹಿಂದಕ್ಕೆ ತಂದೆತಾಯಿಯನ್ನು ಊಹಿಸಿದರೆ ಮೂರಕ್ಕೆ ಒಂದೇ ಅಂಗುಲ! ಗಾಲ್ಟನ್ ಆನುವಂಶಿಕತೆಯ ಸುದ್ದಿ ಎತ್ತದೆ, ಬರೀ ಗಣಿತದ ಸಮಸ್ಯೆಯಾಗಿ ಇದನ್ನು ಕೇಂಬ್ರಿಜ್‌ನ ಹ್ಯಾಮಿಲ್ಟನ್ ಡಿಕ್ಸನ್‌ಗೆ ಕಳಿಸಿದ. 1886ರಲ್ಲಿ ಅಚ್ಚಾದ ಡಿಕ್ಸನ್‌ನ ಉತ್ತರ ಪಟ್ಟಿಗೆ ಚೆನ್ನಾಗಿ ಹೊಂದಿತು.

ಆ ಉತ್ತರವನ್ನು ನಮ್ಮ ಕಡೆಯ ಮಳೆಗೆ ಹಚ್ಚೋಣ. ಅಂಕಿಗಳು ಲೆಕ್ಕಕ್ಕಾಗಿ ಕಟ್ಟಿದವು. ಆಳಂದದ ವಿದ್ಯಾರ್ಥಿಯೊಬ್ಬ ಗೆಳೆಯನ ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದಾನೆ ಎನ್ನಿ. ಮುಂಗಾರಿನ ಸರಾಸರಿ ಅಫಜಲಪುರಕ್ಕೆ 600 ಮಿಲಿಮೀಟರ್, ಜೇವರ್ಗಿಗೆ 640. ಪಕ್ಕದ ಚೌಕದಲ್ಲಿ 10000, 14400, ಉಳಿದೆರಡು ಮೂಲೆಗಳಲ್ಲಿ 7200.

10000 ಮತ್ತು 14400 ವೇರಿಯನ್ಸ್‌ಗಳು. ಅವುಗಳ ವರ್ಗಮೂಲವಾದ 100 ಮತ್ತು 120 ಮಾನಕ ವಿಚಲನೆ. ವರ್ಗಮೂಲ ತೆಗೆಯಲು ಮರೆತು ಹುಡುಗರು ತಪ್ಪುವುದು ಇಲ್ಲೇ. ಕೋವೇರಿಯನ್ಸ್ ಆದ 7200ನ್ನು ಈ ಎರಡು ವಿಚಲನೆಗಳ ಗುಣಲಬ್ಧ 12000ದಿಂದ ಭಾಗಿಸಿದರೆ ಸಹಸಂಬಂಧ 0.6. ಮಸುಕು ಫೋಟೋದಲ್ಲಿ 7200 ಎಂಬುದು 17200 ಎಂದು ಕಂಡರೆ ಭಾಗಲಬ್ಧ ಒಂದನ್ನು ಮೀರುತ್ತದೆ. ಅದು ಸಾಧ್ಯವೇ ಇಲ್ಲ, ಮೂಲ ಪುಟವನ್ನೇ ನೋಡಬೇಕು.

ಈಗ ಅಫಜಲಪುರದಲ್ಲಿ 700 ಬಿದ್ದಿದೆ, ಅಂದರೆ ಒಂದು ವಿಚಲನೆಯಷ್ಟು ಹೆಚ್ಚು. ಜೇವರ್ಗಿಯ ನಿರೀಕ್ಷೆ 0.6 ವಿಚಲನೆಯಷ್ಟೇ ಏರುತ್ತದೆ. 120ರಲ್ಲಿ 0.6 ಪಾಲು 72, ಹಾಗಾಗಿ 712. ಇದೂ ಸರಾಸರಿಯೇ, ಖಚಿತ ಮಳೆಯಲ್ಲ. ಒಂದರಿಂದ 0.6ರ ವರ್ಗ ಕಳೆದರೆ 0.64, ಅದರ ವರ್ಗಮೂಲ 0.8. ಹೀಗೆ 120ರ ಚೆದುರು 96ಕ್ಕೆ ಇಳಿಯುತ್ತದೆ. ನೆರೆಯೂರಿನ ಸುದ್ದಿ ಇಷ್ಟೆಲ್ಲ ಗೊತ್ತಿದ್ದೂ ಗಳಿಕೆ ಐದರಲ್ಲೊಂದು ಪಾಲು ಮಾತ್ರ!

712ರಂತಹ ಷರತ್ತಿನ ಸರಾಸರಿಗೆ ಚೆದುರು ತಗ್ಗಿಸುವ ಗುಣವಿದೆ. ಅದನ್ನೇ ಹಿಡಿದು 1945ರಲ್ಲಿ ಅಂದಾಜುಗಳನ್ನು ಉತ್ತಮಪಡಿಸುವ ದಾರಿ ತೋರಿದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್.

ಅಫಜಲಪುರದಲ್ಲಿ 400 ಬಿದ್ದಿದ್ದರೂ ಜೇವರ್ಗಿಯ ಚೆದುರು ಅದೇ 96, ಸರಾಸರಿ ಮಾತ್ರ 496. ನಾರ್ಮಲ್ ವಿತರಣೆಯ ವಿಶೇಷ ಇದು, ಮಳೆಗೆ ಇದನ್ನು ಹಚ್ಚುವಾಗ ಅನುಮಾನಿಸಬೇಕಾದ್ದೂ ಇದನ್ನೇ. ಋತುವಿನ ಒಟ್ಟು ಮಳೆಗೆ ಲೆಕ್ಕ ಒಂದಿಷ್ಟು ಒಗ್ಗೀತು. ದಿನದ ಮಳೆಗೆ ಒಗ್ಗದು, ಹನಿಯೂ ಬೀಳದ ಸೊನ್ನೆಯ ದಿನಗಳೇ ಅಲ್ಲಿ ರಾಶಿ.