ಯೂರಿಯಾ ಚೀಲಕ್ಕೆ ಹೆಸರಿಡುವವರು ಯಾರು?

ಗೆಂಡೆಹಳ್ಳಿಯ ಸುತ್ತಮುತ್ತ ಕಾಫಿ ತೋಟವಿರಲಿ, ಶುಂಠಿಯ ಹೊಲವಿರಲಿ, ಮಳೆ ಹಿಡಿಯಿತೆಂದರೆ ರೈತರ ನೋಟ ಸೊಸೈಟಿಯ ಗೊಬ್ಬರದ ಗೋದಾಮಿನ ಕಡೆಗೆ. ಇಂಥ ಪ್ರಾಥಮಿಕ ಸಹಕಾರ ಸಂಘಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲಿಗೆ ಗೊತ್ತುಮಾಡಿದ್ದು ದೇಶದ 63,000 ಸಂಘಗಳನ್ನು. ಯಂತ್ರ ಬಂದೊಡನೆ ಲೆಕ್ಕ ತಾನೇ ಸರಿಹೋಗುತ್ತದೆಂದು ನಾವು ನಂಬುತ್ತೇವೆ. ಆದರೆ ಯಂತ್ರ ಕೂಡಿಸುವುದು ನಾವು ಬರೆದುಕೊಟ್ಟ ಹೆಸರುಗಳನ್ನು. ಆ ಹೆಸರುಗಳ ಮೂಲಪಟ್ಟಿ ಯಾರ ಕೈಯಲ್ಲಿದೆ ಎಂಬುದೇ ಇಂದಿನ ಮಾತು.

ಯೂರಿಯಾವನ್ನೇ ತೆಗೆದುಕೊಳ್ಳೋಣ. ಮೊದಲು ಅದು 50 ಕಿಲೋ ಚೀಲದಲ್ಲಿ ಬರುತ್ತಿತ್ತು. 2018ರ ಮಾರ್ಚಿನಿಂದ ಚೀಲ 45 ಕಿಲೋಗೆ ಇಳಿಯಿತು. ಡಿ.ಎ.ಪಿ. ಮಾತ್ರ 50 ಕಿಲೋದಲ್ಲೇ ಉಳಿಯಿತು. ಆ ವರ್ಷ ಒಂದು ಸಂಘದ ಗೋದಾಮಿನಲ್ಲಿ ಹಳೆಯ 40 ಚೀಲಗಳಿದ್ದು, ಹೊಸ 100 ಚೀಲಗಳು ಬಂದಿಳಿದವೆಂದು ಭಾವಿಸಿ. ಪಟ್ಟಿಯಲ್ಲಿ ‘ಯೂರಿಯಾ, ಚೀಲ, 50 ಕಿಲೋ’ ಎಂಬ ಒಂದೇ ದಾಖಲೆ ಇದೆ. ಯಂತ್ರ 140 ಚೀಲಕ್ಕೆ 7,000 ಕಿಲೋ ಎನ್ನುತ್ತದೆ. ಇರುವುದು 6,500. ಐದು ಕ್ವಿಂಟಾಲ್ ಗೊಬ್ಬರ ಕಾಗದದ ಮೇಲೆ ಹುಟ್ಟಿಕೊಂಡಿತು! ಸೋಜಿಗವೆಂದರೆ, ಗೋದಾಮಿಗೆ ಹೋಗಿ ಚೀಲ ಎಣಿಸಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ತಪ್ಪು ತೋರುವುದು ತೂಕದಲ್ಲಿ ಲೆಕ್ಕ ಕೇಳಿದಾಗ ಮಾತ್ರ.

ಆಗ ಯಾರಾದರೂ ಆತುರದಿಂದ ಆ ದಾಖಲೆಯಲ್ಲಿನ 50ನ್ನು ಅಳಿಸಿ 45 ಎಂದು ತಿದ್ದಬಹುದು. ತೂಕವನ್ನು ಪ್ರತಿ ಸಲವೂ ಮೂಲಪಟ್ಟಿಯಿಂದಲೇ ಎತ್ತಿಕೊಳ್ಳುವ ಯಂತ್ರವಾದರೆ, ಹಳೆಯ 40 ಚೀಲಗಳೂ ಒಡನೆಯೇ ಹಗುರವಾಗಿ 200 ಕಿಲೋ ಮಾಯವಾಗುತ್ತದೆ. ಹಿಂದಿನ ವರ್ಷಗಳ ಮಾರಾಟದ ತೂಕವೂ ಕೆಡುತ್ತದೆ. ಸರಿಯಾದ ದಾರಿ ಬೇರೆ. 45 ಕಿಲೋ ಚೀಲಕ್ಕೆ ಹೊಸ ಸಂಖ್ಯೆಯ ದಾಖಲೆ ತೆರೆಯಬೇಕು. ಹಳೆಯದನ್ನು ಅಳಿಸದೆ, ಖರೀದಿಗೆ ಮುಚ್ಚಿ, ಉಳಿದ ದಾಸ್ತಾನು ಮುಗಿಯುವವರೆಗೆ ಮಾರಾಟಕ್ಕೆ ತೆರೆದಿಡಬೇಕು.

ಹೆಸರಿಗೂ ಒಂದು ಕ್ರಮ ಬೇಕು. ಮೊದಲು ವಸ್ತು, ಆಮೇಲೆ ಬಗೆ, ಕೊನೆಗೆ ಅಳತೆ: ‘ಯೂರಿಯಾ, ಬೇವು ಲೇಪಿತ, 45 ಕಿಲೋ ಚೀಲ.’ 2021ರಲ್ಲಿ ಇಫ್ಕೋ ಸಂಸ್ಥೆಯ ನ್ಯಾನೋ ಯೂರಿಯಾ ಅರ್ಧ ಲೀಟರಿನ ಸೀಸೆಯಲ್ಲಿ ಬಂದಾಗ ಈ ಕ್ರಮದ ಬೆಲೆ ತಿಳಿಯಿತು. ಬರಿಯ ‘ಯೂರಿಯಾ’ ಎಂದು ಬರೆದಿದ್ದಲ್ಲಿ ಸೀಸೆಯೂ ಚೀಲದ ಸಾಲಿಗೆ ಸೇರಿಬಿಡಬಹುದು.

ಹಾಗಾದರೆ ಹೊಸ ದಾಖಲೆ ತೆರೆಯುವವರು ಯಾರು? ಗೋದಾಮಿನ ಗುಮಾಸ್ತರು ಚೀಟಿ ಬರೆದು ಕೇಳಲಿ. ಕೇಳುವ ಮುನ್ನ ಅದೇ ವಸ್ತು ಬೇರೆ ಹೆಸರಿನಲ್ಲಿ ಇದೆಯೇ ಎಂದು ಹುಡುಕಲಿ. ಒಪ್ಪುವವರು ಕಾರ್ಯದರ್ಶಿಗಳಾಗಲಿ. ಆದರೆ ಲಾರಿ ಬಾಗಿಲಲ್ಲಿ ನಿಂತಿರುವಾಗ ಒಪ್ಪಿಗೆ ಮೂರು ದಿನ ತಡವಾದರೆ ಗುಮಾಸ್ತರು ಏನು ಮಾಡುತ್ತಾರೆ? ‘ಇತರೆ’ ಎಂಬ ಸಾಲಿಗೆ ಬರೆದು ಮಾಲು ಇಳಿಸಿಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ‘ಇತರೆ’ಯ ಮೊತ್ತ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ನಿಯಮವಿದ್ದೂ ನಡೆಯುತ್ತಿಲ್ಲವೆಂದೇ ತಿಳಿಯಬೇಕು. ಕಾರ್ಯದರ್ಶಿಗಳು ಊರಿನಲ್ಲಿಲ್ಲದ ದಿನ ಯಾರು ಒಪ್ಪಬೇಕೆಂಬುದನ್ನೂ ಮೊದಲೇ ಬರೆದಿಡುವುದು ಲೇಸು.

ಮಾಲು ಕೊಡುವ ವರ್ತಕರ ಪಟ್ಟಿಯಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ಹೋಗುವುದು ಹಣ. ಒಂದೇ ಅಂಗಡಿ ಒಮ್ಮೆ ‘ಟ್ರೇಡರ್ಸ್’ ಎಂದು, ಮತ್ತೊಮ್ಮೆ ‘ಟ್ರೇಡಿಂಗ್ ಕಂಪನಿ’ ಎಂದು ದಾಖಲಾಗಿದ್ದರೆ, ಒಂದೇ ಬಿಲ್ಲನ್ನು ಎರಡು ಸಲ ಪಾವತಿ ಮಾಡಿದರೂ ಯಂತ್ರ ತಡೆಯಲಾರದು. ಅದರ ಕಣ್ಣಿಗೆ ಅವರು ಇಬ್ಬರು. ಇಲ್ಲಿ ಹೆಸರಿಗಿಂತ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ನಂಬಬೇಕು. ಅದರಲ್ಲಿ 15 ಅಕ್ಷರಾಂಕಗಳು: ಮೊದಲೆರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29, ಮುಂದಿನ ಹತ್ತು, ಮಾಲೀಕರ ಪಾನ್ ಸಂಖ್ಯೆ. ಆ ಹತ್ತೂ ಒಂದೇ ಆಗಿದ್ದರೆ, ಹೆಸರು ಏನೇ ಇರಲಿ, ಮಾಲೀಕರು ಒಬ್ಬರೇ. ಗಾಡಿಯವರು, ಹಮಾಲರು ಮುಂತಾದ ಅನೇಕರಿಗೆ ಈ ನೋಂದಣಿ ಇರುವುದಿಲ್ಲ. ಅಂಥವರಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಹೋಲಿಸಿ ನೋಡಬೇಕಾಗುತ್ತದೆ.

ವರ್ತಕರ ದಾಖಲೆ ತೆರೆಯುವವರೂ ಹಣ ಪಾವತಿ ಮಾಡುವವರೂ ಒಬ್ಬರೇ ಆಗಬಾರದು. ಇಬ್ಬರೇ ಸಿಬ್ಬಂದಿ ಇರುವ ಹಳ್ಳಿಯ ಸಂಘದಲ್ಲಿ ಇದು ಕಷ್ಟ, ನಿಜ. ಅಲ್ಲಿ ಆಡಳಿತ ಮಂಡಳಿಯ ಒಬ್ಬ ನಿರ್ದೇಶಕರು ತಿಂಗಳಿಗೊಮ್ಮೆ ಕುಳಿತು, ಹೊಸದಾಗಿ ಸೇರಿದ ಹೆಸರುಗಳನ್ನೂ ಬದಲಾದ ಬ್ಯಾಂಕ್ ಖಾತೆಗಳನ್ನೂ ಓದಿ ರುಜು ಹಾಕಬಹುದು. ಖಾತೆ ಬದಲಾಗಿದೆಯೆಂದು ಪತ್ರ ಬಂದರೆ, ಆ ಪತ್ರದಲ್ಲಿರುವ ದೂರವಾಣಿಗಲ್ಲ, ಸಂಘದ ಹಳೆಯ ದಾಖಲೆಯಲ್ಲಿರುವ ದೂರವಾಣಿಗೇ ಕರೆ ಮಾಡಿ ವರ್ತಕರನ್ನು ಕೇಳಬೇಕು.